ಕನ್ನಡದ ನುಡಿಗಟ್ಟು, ಮಲಯಾಳದ ಗೆಳೆಯ: ಸಂದೇಶ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡವೂ ಮಲಯಾಳವೂ ಒಂದೇ ದ್ರಾವಿಡ ಕುಟುಂಬದ ಭಾಷೆಗಳಲ್ಲವೇ? ಪದಕ್ಕೆ ಪದ ಇಟ್ಟು ಬರೆದರೆ ಏನು ತೊಂದರೆ?

ತೊಂದರೆಯ ಮೂಲ ಈ ಸಾಮೀಪ್ಯದಲ್ಲೇ ಇದೆ. ದೂರದ ಭಾಷೆಯೊಂದಕ್ಕೆ ನುಡಿಗಟ್ಟನ್ನು ಪದಶಃ ತಿರುಗಿಸಿದರೆ ಹೊರಬರುವ ವಾಕ್ಯ ಎಷ್ಟು ವಿಚಿತ್ರವಾಗಿರುತ್ತದೆಂದರೆ, ಓದಿದವರು ಕೂಡಲೇ 'ಇಲ್ಲಿ ಏನೋ ತಪ್ಪಿದೆ' ಎಂದು ಗುರುತಿಸಿ ತಿರುಗಿ ಕೇಳುತ್ತಾರೆ. ಕನ್ನಡ ಮತ್ತು ಮಲಯಾಳದ ನಡುವೆ ಹಾಗಾಗುವುದು ಕಡಿಮೆ. ಕೈ, ಕಾಲು, ತಲೆ, ಹೊಟ್ಟೆ, ನೀರು, ಪುಡಿ ಇವೆಲ್ಲ ಎರಡೂ ಕಡೆ ನುಡಿಗಟ್ಟಿಗೆ ಒದಗುವ ಪದಗಳೇ ಆದುದರಿಂದ ಪದಶಃ ಅನುವಾದವೂ ಒಂದು ಅರ್ಥವನ್ನು ಕೊಡುತ್ತದೆ, ಆದರೆ ಆ ಅರ್ಥ ಬೇರೆಯದೇ ಆಗಿರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಾಸರಗೋಡಿನ ಚಂದ್ರಗಿರಿ ಹೊಳೆಯ ತೆಂಕು ದಿಕ್ಕಿನ ಗೆಳೆಯನೊಬ್ಬ 'ಎನಿಕ್ಕ್ ಪಣಿ ಕಿಟ್ಟಿ' ಎಂದು ಬರೆಯುತ್ತಾನೆ. 'ಪಣಿ' ಎಂದರೆ ಕೆಲಸ, 'ಕಿಟ್ಟಿ' ಎಂದರೆ ಸಿಕ್ಕಿತು. ಇದನ್ನು 'ನನಗೆ ಕೆಲಸ ಸಿಕ್ಕಿತು' ಎಂದು ಓದಿಕೊಂಡ ಕನ್ನಡಿಗ ಶುಭಾಶಯ ಕಳುಹಿಸಿ, ಸಿಹಿ ಯಾವಾಗ ಎಂದು ಕೇಳುತ್ತಾನೆ. ಆದರೆ ಮಲಯಾಳದ ಆಡುನುಡಿಯಲ್ಲಿ ಆ ಮಾತಿನ ಅರ್ಥ 'ನಾನು ಸಿಕ್ಕಿಬಿದ್ದೆ, ನನಗೆ ತಾಪತ್ರಯ ಬಂತು' ಎಂದು. ಉದ್ಯೋಗ ಸಿಕ್ಕಿದ್ದರೆ ಅವನು 'ಜೋಲಿ ಕಿಟ್ಟಿ' ಎಂದು ಬರೆಯುತ್ತಿದ್ದ. ಇಲ್ಲಿ ಕನ್ನಡ ವಾಕ್ಯದಲ್ಲಿ ವ್ಯಾಕರಣ ದೋಷವಿಲ್ಲ, ಅಸಂಬದ್ಧತೆಯಿಲ್ಲ, ಅನುಮಾನ ಹುಟ್ಟಿಸುವಂಥದ್ದು ಏನೂ ಇಲ್ಲ. ಆದ್ದರಿಂದಲೇ ತಪ್ಪು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. (ಧ್ವನಿ ಸಂದೇಶವಾದರೆ ಇನ್ನೊಂದು ಎಚ್ಚರ ಬೇಕು: 'ಪನಿ' ಎಂದರೆ ಮಲಯಾಳದಲ್ಲಿ ಜ್ವರ. ಣಕಾರ ನಕಾರಗಳ ವ್ಯತ್ಯಾಸವನ್ನು ಗಮನಿಸದವರಿಗೆ ಗೆಳೆಯನಿಗೆ ಉದ್ಯೋಗ ಸಿಕ್ಕಿತೋ, ಜ್ವರ ಬಂತೋ, ಪೇಚಾಟವಾಯಿತೋ ಎಂಬುದೇ ತಿಳಿಯದು.)

ಇಂಥದೇ ಇನ್ನೊಂದು 'ಪರಿಪಾಡಿ ಕುಳಮಾಯಿ' ಎಂಬ ಮಾತು. 'ಕುಳಂ' ಎಂದರೆ ಕೆರೆ. ಕಾರ್ಯಕ್ರಮ ಕೆಟ್ಟು ಹೋಯಿತು, ಎಲ್ಲ ಎಡವಟ್ಟಾಯಿತು ಎಂಬುದು ಅದರ ತಾತ್ಪರ್ಯ. ಆಟಿ ತಿಂಗಳ ಮಳೆಯ ನಡುವೆ ಈ ಸಂದೇಶ ಬಂದರೆ ಚಪ್ಪರದೊಳಗೆ ನೀರು ನಿಂತಿತೆಂದು ಕನ್ನಡಿಗ ನಂಬುವುದರಲ್ಲಿ ಆಶ್ಚರ್ಯವೇನಿದೆ?

ಒಂದು ಮಾತು ನುಡಿಗಟ್ಟು ಹೌದೋ ಅಲ್ಲವೋ ಎಂದು ಗುರುತಿಸುವುದು ಹೇಗೆ? ನಮ್ಮ ಭಾಷೆಯಲ್ಲಿ ನಮಗೆ ಅದು ಗೊತ್ತೇ ಆಗುವುದಿಲ್ಲ.

ಹುಟ್ಟಿನಿಂದ ಆಡುವ ಭಾಷೆಯಲ್ಲಿ ನುಡಿಗಟ್ಟು ಕಣ್ಣಿಗೆ ಕಾಣದಿರುವುದು ಸಹಜ, ಆದ್ದರಿಂದ ಸಂದೇಶವನ್ನು ಅನುವಾದಿಸುವ ಮುನ್ನ ಕನ್ನಡದಲ್ಲೇ ಒಮ್ಮೆ ಪರೀಕ್ಷಿಸಬೇಕು. ಸುಲಭವಾದ ಪರೀಕ್ಷೆ ಎಂದರೆ ಮುಖ್ಯ ಪದದ ಜಾಗದಲ್ಲಿ ಅದರ ಸಮಾನಾರ್ಥಕವನ್ನು ಇಟ್ಟು ನೋಡುವುದು. 'ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ' ಎಂಬಲ್ಲಿ ಹೊಟ್ಟೆಯ ಬದಲು ಉದರ ಎಂದು ಬರೆದು ನೋಡಿ. 'ನನ್ನ ತಪ್ಪನ್ನು ಉದರಕ್ಕೆ ಹಾಕಿಕೊಳ್ಳಿ' ಎಂದ ಕೂಡಲೇ ಮಾತು ಕುಸಿದುಬೀಳುತ್ತದೆ. 'ಬಸ್ಸು ಕೈಕೊಟ್ಟಿತು' ಎಂಬುದನ್ನು 'ಬಸ್ಸು ಹಸ್ತ ಕೊಟ್ಟಿತು' ಎಂದರೂ ಅದೇ ಗತಿ. ಸ್ವಂತ ಭಾಷೆಯಲ್ಲೇ ಪದ ಬದಲಾಯಿಸಿದರೆ ನಿಲ್ಲದ ಮಾತು ಬೇರೆ ಭಾಷೆಯಲ್ಲಿ ಪದ ಬದಲಾಯಿಸಿದಾಗ ನಿಲ್ಲುತ್ತದೆಂದು ನಿರೀಕ್ಷಿಸುವಂತಿಲ್ಲ.

ಎರಡನೆಯ ಪರೀಕ್ಷೆ ಕರ್ತೃವಿನದು. ಬಸ್ಸಿಗೆ ಕೈ ಇಲ್ಲ, ಮಳೆಗೂ ಇಲ್ಲ, ಆದರೂ ಅವು ಕೈಕೊಡುತ್ತವೆ. ಮಾಡಲಾಗದವರು ಮಾಡಿದರೆಂದು ವಾಕ್ಯ ಹೇಳುತ್ತಿದ್ದರೆ ಅಲ್ಲಿ ನುಡಿಗಟ್ಟಿದೆ.

ಮಲಯಾಳದಲ್ಲಿ ನುಡಿಗಟ್ಟಿಗೆ 'ಶೈಲಿ' ಎಂದೂ ಗಾದೆಗೆ 'ಪಳಂಚೊಲ್ಲ್' ಎಂದೂ ಹೇಳುತ್ತಾರೆ. 'ಇದು ನಮ್ಮ ಒಂದು ಶೈಲಿ' ಎಂದು ಮಲಯಾಳಿ ಗೆಳೆಯ ಹೇಳಿದಾಗ ಅವನು ತನ್ನ ಬರವಣಿಗೆಯ ಸೊಗಸಿನ ಬಗ್ಗೆ ಮಾತನಾಡುತ್ತಿದ್ದಾನೆಂದು ಭಾವಿಸಬಾರದು. ಪದಶಃ ಓದಬೇಡ ಎಂದು ಎಚ್ಚರಿಸುತ್ತಿದ್ದಾನೆ.

ಒಂದು ಇಡೀ ಸಂದೇಶವನ್ನು ತೆಗೆದುಕೊಂಡು ತೋರಿಸಬಹುದೇ?

ಖಂಡಿತ. ಬದಿಯಡ್ಕದ ಕಡೆಯ ಕನ್ನಡಿಗರೊಬ್ಬರು ನೀಲೇಶ್ವರದ ಮಲಯಾಳಿ ಹಿರಿಯ ಗೆಳೆಯರಿಗೆ, ಅಣ್ಣ ಎಂಬರ್ಥದಲ್ಲಿ 'ಏಟ್ಟಾ' ಎಂದು ಕರೆದು, ಗೃಹಪ್ರವೇಶಕ್ಕೆ ಹೋಗಲಾಗದ ಬಗ್ಗೆ ಬರೆಯುವ ಸಂದೇಶ ಹೀಗಿದೆ ಎಂದುಕೊಳ್ಳೋಣ:

'ಏಟ್ಟಾ, ಗೃಹಪ್ರವೇಶಕ್ಕೆ ಬರಲಾಗಲಿಲ್ಲ, ಹೊಟ್ಟೆಗೆ ಹಾಕಿಕೊಳ್ಳಿ. ಹೊರಡುವ ಹೊತ್ತಿಗೆ ಜೀಪು ಕೈಕೊಟ್ಟಿತು. ಊಟದ ಸುದ್ದಿ ಕೇಳಿ ಬಾಯಲ್ಲಿ ನೀರೂರಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ, ನೀವು ಎರಡನ್ನೂ ಮಾಡಿ ಗೆದ್ದಿರಿ. ಅಂದು ಸುಮ್ಮನೆ ಕಾಲೆಳೆದೆ, ಬೇಸರ ಬೇಡ.'

ಐದು ವಾಕ್ಯಗಳಲ್ಲಿ ನಾಲ್ಕು ನುಡಿಗಟ್ಟು, ಒಂದು ಗಾದೆ ಇದೆ. ಒಂದೊಂದೂ ಬೇರೆ ಬೇರೆ ಉಪಾಯವನ್ನು ಬೇಡುತ್ತದೆ.

'ಹೊಟ್ಟೆಗೆ ಹಾಕಿಕೊಳ್ಳಿ' ಎಂಬುದನ್ನು 'ವಯಟ್ಟಿಲ್ ಇಡಣಂ' ಎಂದು ತಿರುಗಿಸಿದರೆ ತಿನ್ನಲು ಏನನ್ನೋ ಕೊಟ್ಟಂತಾಗುತ್ತದೆ. ಈ ಮಾತು ಸಂದೇಶದಲ್ಲಿ ಮಾಡುವ ಕೆಲಸವೇನೆಂದು ಕೇಳಿಕೊಳ್ಳಬೇಕು. ಇದು ಘೋರ ಅಪರಾಧಕ್ಕೆ ಕ್ಷಮಾಯಾಚನೆಯಲ್ಲ. ಸಲುಗೆಯಿಂದ ಮನ್ನಿಸಿಬಿಡಿ ಎಂದು ಕೇಳುವ ಮಾತು. ಮಲಯಾಳದಲ್ಲಿ ಆ ಸಲುಗೆಯ ಕೋರಿಕೆಗೆ 'ಒನ್ನುಂ ವಿಚಾರಿಕ್ಕರುತ್' ಎಂಬ ಮಾತು ಸಿದ್ಧವಾಗಿದೆ. 'ಕ್ಷಮಿಕ್ಕಣಂ' ಎಂದರೂ ತಪ್ಪಲ್ಲ, ಆದರೆ ಗೆಳೆತನದ ಬಿಸುಪು ತುಸು ಇಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

'ಜೀಪು ಕೈಕೊಟ್ಟಿತು' ಎಂಬುದು ಹೆಚ್ಚು ಅಪಾಯಕಾರಿ. ಕನ್ನಡದಲ್ಲಿ ಕೈಕೊಡುವುದೆಂದರೆ ನಂಬಿಸಿ ಮೋಸಮಾಡುವುದು, ಬೇಕಾದ ಹೊತ್ತಿನಲ್ಲಿ ಒದಗದಿರುವುದು. ಮಲಯಾಳದ 'ಕೈ ಕೊಡುಕ್ಕುಕ' ಎಂಬುದು ಕೈಕುಲುಕುವುದಕ್ಕೆ, ಮೆಚ್ಚಿಗೆ ಸೂಚಿಸುವುದಕ್ಕೆ ಬಳಕೆಯಾಗುವ ಮಾತು. ಜೀಪಿನ ವಿಷಯದಲ್ಲಾದರೆ ಓದುವವರು ನಕ್ಕು ಸುಮ್ಮನಾದಾರು. 'ಅವನು ನನಗೆ ಕೈಕೊಟ್ಟ' ಎಂಬುದು ಹಾಗೆಯೇ ಹೋದರೆ ನಿಮಗೆ ದ್ರೋಹ ಬಗೆದವನನ್ನು ನೀವೇ ಹೊಗಳಿದಂತೆ ಕೇಳಿಸುತ್ತದೆ. ಇಲ್ಲಿ 'ಜೀಪ್ ಚತಿಚ್ಚು' ಎನ್ನಬಹುದು. ಸಲುಗೆ ಇದ್ದರೆ ಮೇಲೆ ಹೇಳಿದ 'ಪಣಿ'ಯನ್ನೇ ಬಳಸಿ 'ಜೀಪ್ ಪಣಿ ತನ್ನು' ಎಂದರೆ ಇನ್ನೂ ಸಹಜ. ಮುಂಗಾರು ಕೈಕೊಟ್ಟಾಗಲೂ 'ಮಳ ಚತಿಚ್ಚು' ಎಂದರೆ ಸಾಕು.

'ಬಾಯಲ್ಲಿ ನೀರೂರಿತು' ಎಂಬುದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ, 'ವಾಯಿಲ್ ವೆಳ್ಳಮೂರಿ' ಎಂದು ಅವರೂ ಹೇಳುತ್ತಾರೆ.

ಗಾದೆಯಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ 'ಮದುವೆ ಮಾಡಿ ನೋಡು' ಎಂದರೆ ಮಕ್ಕಳ ಮದುವೆಯನ್ನು ನಡೆಸಿ ಅದರ ಕಷ್ಟವನ್ನು ಕಂಡುಕೋ ಎಂದರ್ಥ. 'ನೋಡು' ಎಂಬ ಸಹಾಯಕ ಕ್ರಿಯೆಯ ಅರ್ಥ ಮಲಯಾಳದ 'ನೋಕ್ಕ್' ಎಂಬುದರಲ್ಲೂ ಇರುವುದರಿಂದ ಅಲ್ಲಿ ತೊಡಕಿಲ್ಲ. ತೊಡಕಿರುವುದು ಮದುವೆಯಲ್ಲಿ. ನಾಲಿಗೆಗೆ ಮೊದಲು ಬರುವ 'ಕಲ್ಯಾಣಂ ಕಳಿಚ್ಚು ನೋಕ್ಕ್' ಎಂಬ ರೂಪಕ್ಕೆ 'ನೀನು ಮದುವೆಯಾಗಿ ನೋಡು' ಎಂಬ ಅರ್ಥ ಬರುತ್ತದೆ. ಮೊಮ್ಮಕ್ಕಳಿರುವ ಹಿರಿಯರಿಗೆ ಇನ್ನೊಂದು ಮದುವೆಯಾಗಿ ನೋಡಿ ಎಂದು ಸಲಹೆ ಕೊಟ್ಟಂತಾಗುವುದು ಬೇಡವಾದರೆ 'ಕಲ್ಯಾಣಂ ನಡತ್ತಿ ನೋಕ್ಕ್' ಎನ್ನಬೇಕು. ಈ ಗಾದೆಯನ್ನು ಅವರ ಗಾದೆಯೊಂದರಿಂದ ಬದಲಾಯಿಸದೆ, 'ಕನ್ನಡದಲ್ಲಿ ಹೀಗೊಂದು ಮಾತಿದೆ' ಎಂದು ಹೇಳಿಯೇ ದಾಟಿಸುವುದು ಚೆನ್ನ, ಏಕೆಂದರೆ ಅದರ ಅರ್ಥ ಕೇಳಿದವರಿಗೆಲ್ಲ ತಾನಾಗಿ ಹೊಳೆಯುವಂಥದ್ದು.

ಕೊನೆಯದು 'ಕಾಲೆಳೆದೆ'. ಕನ್ನಡದಲ್ಲಿ ಗೆಳೆಯರ ನಡುವೆ ಕಾಲೆಳೆಯುವುದೆಂದರೆ ತಮಾಷೆ ಮಾಡುವುದು. ಇದಕ್ಕೆ ಹತ್ತಿರದ್ದೆಂದು ತೋರುವ ಮಲಯಾಳದ 'ಕಾಲುವಾರುಕ' ಎಂಬುದಕ್ಕೆ ಜೊತೆಯಲ್ಲಿದ್ದುಕೊಂಡೇ ದ್ರೋಹವೆಸಗುವುದು ಎಂಬ ಅರ್ಥವಿದೆ. ಚುನಾವಣೆಯಲ್ಲಿ ಸ್ವಪಕ್ಷದವರೇ ಅಭ್ಯರ್ಥಿಯನ್ನು ಸೋಲಿಸಿದಾಗ ಮಲಯಾಳ ಪತ್ರಿಕೆಗಳು ಬಳಸುವ ಪದವದು. 'ನಾನು ಅಂದು ಸುಮ್ಮನೆ ನಿಮಗೆ ದ್ರೋಹ ಮಾಡಿದೆ, ಬೇಸರ ಬೇಡ' ಎಂಬ ಸಂದೇಶವನ್ನು ಯಾರು ತಾನೇ ಸಮಾಧಾನದಿಂದ ಓದಿಯಾರು? 'ಕಳಿಯಾಕ್ಕಿ' ಎಂಬ ನೇರ ಪದವೇ ಇಲ್ಲಿ ಸರಿ.

ಎಲ್ಲ ಸೇರಿ ಸಂದೇಶ ಹೀಗಾಗುತ್ತದೆ, ಕನ್ನಡ ಲಿಪಿಯಲ್ಲಿ:

'ಏಟ್ಟಾ, ವೀಡುಕೂಡಲಿನ್ ಎತ್ತಾನ್ ಪಟ್ಟಿಯಿಲ್ಲ, ಒನ್ನುಂ ವಿಚಾರಿಕ್ಕರುತ್. ಇರಙ್ಙಾನ್ ನೇರತ್ತ್ ಜೀಪ್ ಪಣಿ ತನ್ನು. ಸದ್ಯಯುಡೆ ಕಾರ್ಯಂ ಕೇಟ್ಟಪ್ಪೋಳ್ ವಾಯಿಲ್ ವೆಳ್ಳಮೂರಿ. ವೀಡ್ ಪಣಿತ್ ನೋಕ್ಕ್, ಕಲ್ಯಾಣಂ ನಡತ್ತಿ ನೋಕ್ಕ್ ಎನ್ನ್ ಕನ್ನಡತ್ತಿಲ್ ಒರು ಚೊಲ್ಲುಂಡ್, ರಂಡುಂ ಭಂಗಿಯಾಯಿ ಕಳಿಞ್ಞಲ್ಲೋ. ಅನ್ನ್ ಕಳಿಯಾಕ್ಕಿಯತ್ ಮನಸ್ಸಿಲ್ ವೆಕ್ಕರುತ್.'

ನಾಲ್ಕು ನುಡಿಗಟ್ಟುಗಳಲ್ಲಿ ಒಂದು ಹಾಗೆಯೇ ಉಳಿಯಿತು, ಎರಡು ಬೇರೆ ನುಡಿಗಟ್ಟುಗಳಾದವು, ಒಂದು ಸರಳ ಪದವಾಯಿತು. ಗಾದೆ ಮಾತ್ರ ತನ್ನ ಊರಿನ ಹೆಸರು ಹೇಳಿಕೊಂಡು ಹೋಯಿತು.

ಗಾದೆಗೆ ಗಾದೆಯನ್ನೇ ಹುಡುಕಬೇಕೇ?

ಸಿಕ್ಕಿದರೆ ಸಂತೋಷ, ಆದರೆ ಸಿಕ್ಕಿದ್ದು ಅದೇ ಹೌದೇ ಎಂದು ನೋಡಬೇಕು. 'ಹನಿಹನಿ ಕೂಡಿದರೆ ಹಳ್ಳ' ಎಂಬುದಕ್ಕೆ 'ಪಲ ತುಳ್ಳಿ ಪೆರುವೆಳ್ಳಂ' ನಿಸ್ಸಂಶಯವಾಗಿ ಸಮ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬುದು ಎರಡೂ ಭಾಷೆಗಳ ಸ್ವತ್ತು. ಚಿತ್ರ ಬೇರೆಯಾಗಿ ತಾತ್ಪರ್ಯ ಒಂದೇ ಆಗಿರುವ ಜೋಡಿಗಳೂ ಇವೆ: ನಾವು 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದರೆ ಅವರು 'ಕೊಕ್ಕಿಲ್ ಒತುಙ್ಙುನ್ನತೇ ಕೊತ್ತಾವೂ' ಎನ್ನುತ್ತಾರೆ, ಅಂದರೆ ಕೊಕ್ಕಿನಲ್ಲಿ ಹಿಡಿಸುವಷ್ಟನ್ನೇ ಕುಕ್ಕಬೇಕು. ನಮ್ಮ 'ಹಿತ್ತಲ ಗಿಡ ಮದ್ದಲ್ಲ' ಅವರಲ್ಲಿ 'ಮುಟ್ಟತ್ತೆ ಮುಲ್ಲಯ್ಕ್ಕ್ ಮಣಮಿಲ್ಲ' ಆಗುತ್ತದೆ, ಅಂಗಳದ ಮಲ್ಲಿಗೆಗೆ ಪರಿಮಳವಿಲ್ಲ ಎಂದು. ಇವುಗಳನ್ನು ಧೈರ್ಯವಾಗಿ ಬದಲಾಯಿಸಬಹುದು. ಊರಿನ ವೈದ್ಯರನ್ನು ಬಿಟ್ಟು ಮಂಗಳೂರಿಗೆ ಓಡುವವರ ಬಗ್ಗೆ ಬರೆದದ್ದನ್ನು ಮಲಯಾಳಕ್ಕೆ ದಾಟಿಸುವಾಗ ಮದ್ದು ಹೋಗಿ ಮಲ್ಲಿಗೆ ಬಂದರೂ ಗೆಳೆಯನಿಗೆ ಮಾತು ತಲುಪುತ್ತದೆ.

ಮೋಸಹೋಗುವುದು ಅರ್ಧ ಹೊಂದುವ ಜೋಡಿಗಳಲ್ಲಿ. 'ದೂರದ ಬೆಟ್ಟ ನುಣ್ಣಗೆ' ಮತ್ತು 'ಅಕ್ಕರೆ ಪಚ್ಚ' ಎಂಬಿವುಗಳನ್ನು ಒಂದೇ ಎಂದು ಬಳಸುವವರು ಬಹಳ. ಎರಡನೆಯದರ ಪೂರ್ಣ ರೂಪಕ್ಕೆ 'ಈ ದಡದಲ್ಲಿ ನಿಂತಾಗ ಆ ದಡ ಹಸಿರು' ಎಂಬ ಅರ್ಥವಿದೆ. ನಮ್ಮ ಗಾದೆಯ ಒತ್ತು ದೂರದಿಂದ ಕಾಣುವುದು ನಿಜವಲ್ಲ, ಹತ್ತಿರ ಹೋದರೆ ಕಲ್ಲುಮುಳ್ಳು ಎಂಬುದರ ಮೇಲೆ. ಅವರ ಗಾದೆಯ ಒತ್ತು ಇರುವಲ್ಲಿ ತೃಪ್ತಿಯಿಲ್ಲದ ಮನಸ್ಸಿನ ಮೇಲೆ. ಗಲ್ಫಿಗೆ ಹೊರಟ ಗೆಳೆಯನಿಗೆ 'ಅಲ್ಲಿನ ಕೆಲಸದ ಬಗ್ಗೆ ವಿಚಾರಿಸಿಕೊಂಡು ಹೋಗು, ದೂರದ ಬೆಟ್ಟ ನುಣ್ಣಗೆ' ಎಂದು ಬರೆಯುವುದು ಕಾಳಜಿಯ ಎಚ್ಚರಿಕೆ. ಅದನ್ನೇ 'ಅಕ್ಕರೆ ಪಚ್ಚ' ಎಂದು ತಿರುಗಿಸಿದರೆ 'ನಿನಗೆ ಇದ್ದಲ್ಲಿ ಸಮಾಧಾನವಿಲ್ಲ' ಎಂಬ ಚುಚ್ಚುಮಾತಾಗಬಹುದು. ಎಚ್ಚರಿಕೆಯೇ ಉದ್ದೇಶವಾಗಿದ್ದರೆ 'ಮಿನ್ನುನ್ನತೆಲ್ಲಾಂ ಪೊನ್ನಲ್ಲ' ಎಂಬುದು ಹತ್ತಿರ ಬರುತ್ತದೆ. ಅದು ನಮ್ಮ 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬುದರ ಜೋಡಿ.

ಉಪ್ಪಿನ ಗಾದೆಗಳಂತೂ ಪೂರ್ತಿ ಬೇರೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಾವು ತಾಯಿಯನ್ನು ನೆನೆಯುತ್ತೇವೆ. 'ಉಪ್ಪೋಳಂ ವರುಮೋ ಉಪ್ಪಿಲಿಟ್ಟತ್' ಎಂಬ ಮಲಯಾಳದ ಗಾದೆ, ಉಪ್ಪಿನಲ್ಲಿ ಹಾಕಿದ್ದು ಉಪ್ಪಿಗೆ ಸಮವಾದೀತೇ ಎಂದು ಕೇಳುತ್ತ, ಮೂಲದ ಮುಂದೆ ಅದರಿಂದ ಹುಟ್ಟಿದ್ದು ನಿಲ್ಲದು ಎನ್ನುತ್ತದೆ. ಎರಡರಲ್ಲೂ ಉಪ್ಪು ಇದೆ ಎಂಬ ಒಂದೇ ಕಾರಣಕ್ಕೆ, ತಾಯಿಯನ್ನು ಕಳೆದುಕೊಂಡವರಿಗೆ ಬರೆಯುವ ಸಾಂತ್ವನದ ಸಂದೇಶದಲ್ಲಿ ಇದನ್ನು ತಂದಿಡಬಾರದು.

ಪದಶಃ ಅನುವಾದ ಎಂದಿಗೂ ಕೂಡದೇ?

ಕೆಲವೊಮ್ಮೆ ಅದೇ ಉತ್ತಮ. 'ಆನ ಕೊಡುತ್ತಾಲುಂ ಆಶ ಕೊಡುಕ್ಕರುತ್' ಎಂಬ ಮಲಯಾಳದ ಗಾದೆಯನ್ನು ತೆಗೆದುಕೊಳ್ಳಿ. ಆನೆಯನ್ನೇ ಕೊಟ್ಟರೂ ಸರಿ, ಈಡೇರಿಸಲಾಗದ ಭರವಸೆಯನ್ನು ಕೊಡಬೇಡ ಎಂದು ಅದು ಹೇಳುತ್ತದೆ. ಮಲಯಾಳದ ಆನ-ಆಶ ಪ್ರಾಸ ಕನ್ನಡದಲ್ಲಿ ಆನೆ-ಆಸೆಯಾಗಿ ತಾನಾಗಿಯೇ ಉಳಿಯುತ್ತದೆ, ಅರ್ಥವೂ ವಿವರಣೆಯಿಲ್ಲದೆ ತಿಳಿಯುತ್ತದೆ. ಒಂದೇ ಒಂದು ತಿದ್ದುಪಡಿ ಬೇಕು. ಕನ್ನಡದಲ್ಲಿ ಆಸೆಯನ್ನು ಕೊಡುವ ರೂಢಿಯಿಲ್ಲ, ಹುಟ್ಟಿಸುತ್ತೇವೆ ಅಥವಾ ತೋರಿಸುತ್ತೇವೆ. ಆದ್ದರಿಂದ 'ಆನೆ ಕೊಟ್ಟರೂ ಆಸೆ ಹುಟ್ಟಿಸಬಾರದು' ಎಂದರೆ ಕನ್ನಡದ ಕಿವಿಗೆ ಒಪ್ಪುತ್ತದೆ, ಕೊಡು-ಕೊಡಬೇಡ ಎಂಬ ಮರುಕಳಿಕೆ ಹೋಯಿತೆಂಬ ಸಣ್ಣ ನಷ್ಟದೊಂದಿಗೆ.

ಪದಶಃ ದಾಟಿಸಬಹುದೇ ಎಂದು ತೀರ್ಮಾನಿಸಲು ನಾನು ನೋಡುವುದು ಇಷ್ಟನ್ನೇ: ಗಾದೆಯನ್ನು ಮೊದಲ ಸಲ ಕೇಳುವವನಿಗೆ, ಹಿನ್ನೆಲೆಯ ಕಥೆ ತಿಳಿಯದೆಯೂ ಅರ್ಥವಾಗುತ್ತದೆಯೇ? ಮನೆ-ಮದುವೆಯ ಗಾದೆ, ಆನೆ-ಆಸೆಯ ಗಾದೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬುದು ಸೋಲುತ್ತದೆ, ಏಕೆಂದರೆ ಕುಂಬಳಕಾಯಿಯ ಬೂದಿ ಹೆಗಲಿಗೆ ಅಂಟುತ್ತದೆಂಬ ತಿಳಿವಳಿಕೆಯಿಲ್ಲದೆ ಅದು ನಿಲ್ಲದು. ಅದೃಷ್ಟವಶಾತ್ ಮಲಯಾಳದಲ್ಲಿ ಅದಕ್ಕೆ ಸಮನಾಗಿ ಕೋಳಿ ಕದ್ದವನ ತಲೆಯಲ್ಲಿ ಪುಕ್ಕವಿದೆ ಎಂಬ ಗಾದೆಯೇ ಇದೆ. ಅಲ್ಲಿ ಕಳ್ಳ ತಲೆ ತಡವಿಕೊಳ್ಳುತ್ತಾನೆ.

ಗೆಳತಿ ತನ್ನ ಮಗುವಿನ ಚಿತ್ರ ಕಳುಹಿಸಿದ್ದಾಳೆ. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬುದನ್ನು ಮಲಯಾಳದಲ್ಲಿ ಹೇಗೆ ಬರೆಯಲಿ?

ಬರೆಯಲೇಬೇಡಿ. ಈ ಗಾದೆಯನ್ನು ಕನ್ನಡದಲ್ಲೂ ಬೇರೆಯವರ ಮಗುವಿನ ಬಗ್ಗೆ ಹೇಳುವಂತಿಲ್ಲ; ನಮ್ಮ ಮಗುವನ್ನು ನಾವೇ ಹೊಗಳಿಕೊಂಡ ಮೇಲೆ ಸಂಕೋಚದಿಂದ ಸೇರಿಸುವ ಮಾತದು. ಮಲಯಾಳದ ಜೋಡಿ 'ಕಾಕ್ಕಯ್ಕ್ಕುಂ ತನ್ ಕುಞ್ಞ್ ಪೊನ್ಕುಞ್ಞ್', ಕಾಗೆಗೂ ತನ್ನ ಮರಿ ಚಿನ್ನದ ಮರಿ ಎಂದು. ಅದರಲ್ಲಿ ಹೆಗ್ಗಣವಿಲ್ಲ, ಚಿನ್ನವಿದೆ, ಆದುದರಿಂದ ಹೊಗಳಿಕೆಯೆಂದು ಭ್ರಮಿಸಿ ಗೆಳತಿಗೆ ಕಳುಹಿಸುವ ಅಪಾಯ ಇನ್ನೂ ಹೆಚ್ಚು. ಅವಳು ಮೊದಲು ಓದುವುದು ಕಾಗೆಯನ್ನು. ನಿಮ್ಮದೇ ಮಗುವಿನ ಚಿತ್ರ ಕಳುಹಿಸುವಾಗ ಬೇಕಾದರೆ ಎರಡರಲ್ಲಿ ಯಾವುದನ್ನಾದರೂ ಬಳಸಿ.

ಅನುವಾದಿಸುವಾಗ ಅರ್ಥದಷ್ಟೇ ಮುಖ್ಯವಾದುದು, ಆ ಗಾದೆಯನ್ನು ಯಾರು ಯಾರ ಬಗ್ಗೆ ಹೇಳಬಹುದು ಎಂಬ ಕಟ್ಟುಪಾಡು. ನಿಘಂಟು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಅಂಗವೈಕಲ್ಯ, ಬಣ್ಣ, ಜಾತಿಗಳನ್ನು ಎತ್ತಿಕೊಳ್ಳುವ ಗಾದೆಗಳನ್ನು ಏನು ಮಾಡಬೇಕು?

ಸ್ನೇಹದ ಸಂದೇಶದಲ್ಲಿ ಅವು ಬೇಡ. 'ವೆಳುಕ್ಕಾನ್ ತೇಚ್ಚತ್ ಪಾಂಡಾಯಿ', ಬೆಳ್ಳಗಾಗಲು ಹಚ್ಚಿದ್ದು ತೊನ್ನಾಯಿತು ಎಂಬ ಮಲಯಾಳದ ಗಾದೆ ಬಂದರೆ ಕನ್ನಡಕ್ಕೆ ತರುವಾಗ 'ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು' ಎಂದುಬಿಡಿ. ಅರ್ಥ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ, ಯಾರ ಚರ್ಮದ ಮಾತೂ ಬರುವುದಿಲ್ಲ. ನಮ್ಮ 'ಕುಂಟನಿಗೆ ಎಂಟು ಚೇಷ್ಟೆ'ಯಂಥವನ್ನು ಆಚೆ ದಾಟಿಸುವ ಶ್ರಮವೇ ಅನಗತ್ಯ.

ಮಲಯಾಳದಿಂದ ಕನ್ನಡಕ್ಕೆ ಬರುವಾಗ ಹೆಚ್ಚಾಗಿ ಎಡವುವುದು ಎಲ್ಲಿ?

ಮೊದಲಿಗೆ, ಮೇಲೆ ಬಳಸಿದ 'ಒನ್ನುಂ ವಿಚಾರಿಕ್ಕರುತ್' ಎಂಬಲ್ಲೇ. ಮಲಯಾಳದಲ್ಲಿ 'ವಿಚಾರಿಕ್ಕುಕ' ಎಂದರೆ ಯೋಚಿಸುವುದು, ಕನ್ನಡದಲ್ಲಿ ವಿಚಾರಿಸುವುದೆಂದರೆ ಕೇಳಿ ತಿಳಿಯುವುದು. 'ಏನೂ ವಿಚಾರಿಸಬೇಡಿ' ಎಂದು ಬರೆದರೆ ಗುಟ್ಟು ಮುಚ್ಚಿಡುವವನ ಗದರಿಕೆಯಂತೆ ಕೇಳಿಸುತ್ತದೆ. 'ಏನೂ ತಿಳಿದುಕೊಳ್ಳಬೇಡಿ' ಅಥವಾ 'ಬೇಸರ ಮಾಡಿಕೊಳ್ಳಬೇಡಿ' ಎಂಬುದು ಸರಿಯಾದ ರೂಪ.

ಎರಡನೆಯದು ಸಮಾರಂಭಗಳ ವರದಿಯಲ್ಲಿ ಬರುವ 'ಪೊಡಿಪೊಡಿಚ್ಚು'. 'ಕಲ್ಯಾಣಂ ಪೊಡಿಪೊಡಿಚ್ಚು' ಎಂದರೆ ಮದುವೆ ಬಹಳ ಅದ್ದೂರಿಯಾಗಿ ನಡೆಯಿತು ಎಂದು. ಪೊಡಿ ಎಂದರೆ ಪುಡಿಯೇ ಆದುದರಿಂದ 'ಮದುವೆ ಪುಡಿಪುಡಿಯಾಯಿತು' ಎಂದು ಕನ್ನಡಕ್ಕೆ ತಂದರೆ ಸಂಬಂಧ ಮುರಿದುಬಿತ್ತೆಂದು ಕೇಳಿದವರು ಕಂಗಾಲಾಗುತ್ತಾರೆ. ಕನ್ನಡದಲ್ಲಿ ಪುಡಿಗೆ ಅಪಶಕುನವಿದ್ದರೂ ಧೂಳಿಗೆ ಇಲ್ಲ ಎಂಬುದೊಂದು ಸೋಜಿಗ: 'ಭಾಗವತರು ಧೂಳೆಬ್ಬಿಸಿದರು' ಎಂದರೆ ಹೊಗಳಿಕೆಯೇ. ಮದುವೆಗಾದರೆ ನಮ್ಮ ಕಡೆಯ 'ಗಮ್ಮತ್ತಾಯಿತು' ಎಂಬುದಕ್ಕಿಂತ ಒಳ್ಳೆಯ ಜೋಡಿ ನನಗೆ ಕಾಣುವುದಿಲ್ಲ.

ಮೂರನೆಯದು 'ಕೈ ಮಲರ್ತ್ತಿ'. ಅಂಗೈಗಳನ್ನು ಮೇಲ್ಮುಖವಾಗಿ ಬಿಡಿಸಿ ತೋರಿಸುವ ಸನ್ನೆ ಅದು, ತನ್ನಿಂದಾಗದು ಎಂಬ ಅರ್ಥ. ಕನ್ನಡದಲ್ಲಿ ಕೈ ಚೆಲ್ಲುತ್ತೇವೆ. 'ಕೈವಿಟ್ಟು' ಎಂಬುದನ್ನು ಮಾತ್ರ 'ಕೈಬಿಟ್ಟ' ಎಂದು ನೇರವಾಗಿ ತರಬಹುದು. 'ತಲ ತಿನ್ನುಕ' ಎಂಬುದೂ ಹಾಗೆಯೇ, ತಲೆ ತಿನ್ನುವವರು ಎರಡೂ ಭಾಷೆಗಳಲ್ಲಿದ್ದಾರೆ.

ನಾಲ್ಕನೆಯದು ಅನ್ನದ ಮಾತು. 'ಕಞ್ಞಿಕುಡಿ ಮುಟ್ಟಿ' ಎಂದು ಗೆಳೆಯ ಬರೆದರೆ ಗಂಜಿ ಕುಡಿಯುವುದು ನಿಂತಿತೆಂದಲ್ಲ, ಜೀವನೋಪಾಯವೇ ನಿಂತಿತೆಂದು. ನಾವೂ ಗಂಜಿ ಉಣ್ಣುವ ಜನರೇ ಆದರೂ ನಮ್ಮ ನುಡಿಗಟ್ಟು ಹೊಟ್ಟೆಪಾಡಿನ ಸುತ್ತ ಇದೆ. 'ಹೊಟ್ಟೆಪಾಡಿಗೆ ಕುತ್ತು ಬಂತು' ಎಂದು ಬರೆಯಬೇಕು. ಇದನ್ನು ತಮಾಷೆಗೆ ಹೇಳಿದನೋ ನಿಜವಾಗಿ ಕೆಲಸ ಹೋಯಿತೋ ಎಂದು ಹಿಂದಿನ ಸಂದೇಶಗಳನ್ನು ನೋಡಿ ತಿಳಿದುಕೊಂಡೇ ಉತ್ತರಿಸುವುದು ಕ್ಷೇಮ.

ಹಿರಿಯರಿಗೆ ಬರೆಯುವಾಗ ಗಾದೆಯ ಏಕವಚನ ಮರ್ಯಾದೆಗೆ ಕುಂದಲ್ಲವೇ?

'ಕಾಲು ಚಾಚು', 'ಮಾಡಿ ನೋಡು' ಎಂಬ ಆಜ್ಞಾರ್ಥಕ ಏಕವಚನ ಕನ್ನಡದ ಗಾದೆಗಳಲ್ಲಿ ಸಾಮಾನ್ಯ. 'ಎಂಬ ಗಾದೆಯಂತೆ', 'ಎಂದು ಹಿರಿಯರು ಹೇಳುತ್ತಾರೆ' ಎಂಬ ಚೌಕಟ್ಟಿನೊಳಗೆ ಇಟ್ಟಾಗ ಅದು ಓದುವವರಿಗೆ ಹೇಳಿದ್ದಾಗುವುದಿಲ್ಲ. ಚೌಕಟ್ಟನ್ನು ಕೈಬಿಟ್ಟು ಅನುವಾದಿಸಿದಾಗ ಮಾತ್ರ ಏಟ್ಟನಿಗೋ ಅಕ್ಕನಂಥ ಏಚ್ಚಿಗೋ 'ನೀ' ಎಂದಂತಾಗುತ್ತದೆ. ಮಲಯಾಳದ 'ಕೊತ್ತಾವೂ', 'ಕೊಡುಕ್ಕರುತ್' ಎಂಬ ರೂಪಗಳು ಯಾರನ್ನೂ ಸಂಬೋಧಿಸದೆ 'ಬೇಕು', 'ಬಾರದು' ಎಂದಷ್ಟೇ ಹೇಳುವುದರಿಂದ ಅವುಗಳನ್ನು ಕನ್ನಡಕ್ಕೆ ತರುವಾಗಲೂ 'ಬೇಡ' ಎನ್ನದೆ 'ಬಾರದು' ಎಂದೇ ಮುಗಿಸಿದರೆ ಗೌರವ ಉಳಿಯುತ್ತದೆ. ಗಾದೆಯನ್ನು ತಿದ್ದಿ 'ಕಾಲು ಚಾಚಿರಿ' ಎಂದು ಬಹುವಚನ ಮಾಡುವ ಅತಿವಿನಯ ಅನಗತ್ಯ. ಅದರಿಂದ ಗಾದೆ ಸಡಿಲಾಗುತ್ತದೆ, ಉಪದೇಶ ನೇರವಾಗಿ ಅವರಿಗೇ ತಗಲುತ್ತದೆ.

ಅನುವಾದ ಸರಿಯಾಗಿದೆಯೇ ಎಂದು ಕಳುಹಿಸುವ ಮುನ್ನ ಪರೀಕ್ಷಿಸುವುದು ಹೇಗೆ?

ಎರಡೂ ಭಾಷೆ ಬಲ್ಲವರಿಗೆ ಕಾಸರಗೋಡಿನಲ್ಲಿ ಬರವಿಲ್ಲ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡದ ತಾಲೂಕಾಗಿದ್ದ ಊರು ಇದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂಬ ಬದುಕು ಇಲ್ಲಿ ವಿಶೇಷವ‌ಲ್ಲ. ಆದರೆ ಪರೀಕ್ಷೆಗೆ ಅಂಥವರು ಅಷ್ಟು ಒಳ್ಳೆಯವರಲ್ಲ, ಏಕೆಂದರೆ 'ಕೈ ಕೊಡುತ್ತು' ಎಂದು ನೀವು ಬರೆದದ್ದರ ಹಿಂದಿರುವ ಕನ್ನಡದ 'ಕೈಕೊಟ್ಟ' ಅವರಿಗೆ ಕೂಡಲೇ ಹೊಳೆದು, ಸರಿಯಾಗಿದೆ ಎಂದುಬಿಡುತ್ತಾರೆ. ಕನ್ನಡ ಬಾರದ ಮಲಯಾಳಿಯನ್ನು ಕೇಳಿ, ಚಂದ್ರಗಿರಿ ಹೊಳೆಯಾಚೆಯವರಾದರೆ ಇನ್ನೂ ಒಳ್ಳೆಯದು.

ಕೇಳುವ ರೀತಿಯೂ ಮುಖ್ಯ. 'ಇದು ಸರಿಯೇ?' ಎಂದರೆ ದಾಕ್ಷಿಣ್ಯಕ್ಕೆ ಹೌದು ಎನ್ನುತ್ತಾರೆ. ವಾಕ್ಯವನ್ನು ಓದಿ ಹೇಳಿ, 'ಇಲ್ಲಿ ಏನು ನಡೆಯಿತು, ಹೇಳಿದವನಿಗೆ ಸಂತೋಷವೋ ಬೇಸರವೋ?' ಎಂದು ಕೇಳಬೇಕು. ಜೀಪಿನ ವಾಕ್ಯ ಕೇಳಿದವರು 'ಬರಲು ತಯಾರಾಗಿದ್ದ, ಗಾಡಿ ಕೆಟ್ಟಿತು, ಪಾಪ' ಎಂದರೆ ಅನುವಾದ ದಾಟಿದೆ. 'ಜೀಪಿನಲ್ಲಿ ಯಾರೋ ಕೈ ಹಿಡಿದರಂತೆ' ಎಂದರೆ ಪುನಃ ಬರೆಯಬೇಕು.

ನಿಘಂಟುಗಳನ್ನೂ ನೋಡಬಹುದು. ಹರ್ಮನ್ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದವು. ಕಿಟ್ಟೆಲರು ಪದಗಳ ಅಡಿಯಲ್ಲಿ ನೂರಾರು ಗಾದೆಗಳನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. ಒಂದು ಗಾದೆ ಇತ್ತು ಎಂಬುದಕ್ಕೆ ಇವು ಸಾಕ್ಷಿ, ಇಂದು ಅದು ಗೆಳೆಯರ ನಡುವೆ ಓಡಾಡುತ್ತಿದೆ ಎಂಬುದಕ್ಕಲ್ಲ. 'ಪಣಿ ಕಿಟ್ಟಿ'ಯಂಥ ಇಂದಿನ ಮಾತುಗಳನ್ನು ಹುಡುಕಲು ಅವುಗಳ ಬಳಿ ಹೋಗಿ ಪ್ರಯೋಜನವಿಲ್ಲ, ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗರು ಮಾತನಾಡುವಾಗ ಕಿವಿಗೊಡಬೇಕು.

ಎಷ್ಟು ಹುಡುಕಿದರೂ ಜೋಡಿ ಸಿಗದಿದ್ದರೆ?

ನುಡಿಗಟ್ಟನ್ನು ಬಿಟ್ಟು ವಿಷಯವನ್ನು ನೇರವಾಗಿ ಹೇಳಿ, ಸಂದೇಶದಲ್ಲಿ ಇನ್ನೆಲ್ಲಿಯಾದರೂ ಆ ಭಾಷೆಗೆ ಸಹಜವಾದ ಸಲುಗೆಯ ಮಾತೊಂದು ಒದಗಿದರೆ ಅಲ್ಲಿ ಸೇರಿಸಿ. ಮೇಲಿನ ಸಂದೇಶದಲ್ಲಿ 'ಕಾಲೆಳೆದೆ' ಎಂಬುದು 'ಕಳಿಯಾಕ್ಕಿ' ಎಂಬ ಸಾದಾ ಪದವಾದಾಗ ಕಳೆದುಹೋದ ಸೊಗಸು, ಸಾದಾ 'ಬೇಸರ ಬೇಡ' ಎಂಬುದು 'ಮನಸ್ಸಿಲ್ ವೆಕ್ಕರುತ್' ಆದಾಗ ಪಕ್ಕದಲ್ಲೇ ಮರಳಿ ಬಂದಿದೆ. ನುಡಿಗಟ್ಟಿನ ಪಕ್ಕದಲ್ಲಿ ಕಂಸ ಹಾಕಿ ವಿವರಣೆ ಬರೆಯುವ ಪದ್ಧತಿ ಪಾಠಪುಸ್ತಕಕ್ಕೆ ಸರಿ. ಗೃಹಪ್ರವೇಶಕ್ಕೆ ಬರಲಾಗಲಿಲ್ಲವೆಂದು ತಿಳಿಸುವ ಐದು ಸಾಲಿನ ನಡುವೆ ಅದನ್ನು ತಂದರೆ, ಏಟ್ಟನಿಗೆ ಸಂದೇಶದ ಬದಲು ಪಾಠ ಕಳುಹಿಸಿದಂತಾಗುತ್ತದೆ.